ಮೂರು ತಿಂಗಳ ಅಣ್ಣಂದಿರು

ಹೋದ ವರ್ಷ ಸಂಕ್ರಾಂತಿ ಮುಗಿದ ವಾರದಲ್ಲಿ ನಮ್ಮ ಕಾಲೇಜಿನ ಗೇಟಿನ ಬಳಿ ಒಬ್ಬ ಹುಡುಗನು ನನ್ನನ್ನು ಕಂಡು, ತಲೆ ತಗ್ಗಿಸಿ, ಪಕ್ಕಕ್ಕೆ ಸರಿದು ಹೋದನು. ಅವನು ಆಗ ಬಿ.ಎ. ಮೊದಲ ವರ್ಷದ ವಿದ್ಯಾರ್ಥಿ. ಮಳವಳ್ಳಿಯ ಕಡೆಯಿಂದ ದಿನವೂ ಬಸ್ಸಿನಲ್ಲಿ ಬರುವವನು. ನಾನು ಎರಡನೆಯ ವರ್ಷದಲ್ಲಿದ್ದೆ. ಮಂಡ್ಯಕ್ಕೆ ಹೊಂದಿಕೊಂಡಿರುವ ಗುತ್ತಲಿನಿಂದ ನಡೆದೇ ಬರುವವನು. ವರ್ಷದ ಮೊದಲಲ್ಲಿ ಸಭಾಂಗಣದಲ್ಲಿ ಪಟ್ಟಿ ಓದಿ, ನಾನು ಅವನ ಮೆಂಟರ್ ಎಂದು ಸಾರಿದ್ದರು. ನಾವಿಬ್ಬರೂ ಎದ್ದು ನಿಂತು ಕೈ ಕುಲುಕಿದ್ದೆವು. ಫೋಟೋ ಸಹ ತೆಗೆದಿದ್ದರು. ಅಂತಹವನು ಹೀಗೆ ಮುಖ ತಪ್ಪಿಸಿದ್ದನ್ನು ಕಂಡು ನನಗೆ ಕೊಂಚ ಕೋಪವೇ ಬಂದಿತು. ಕೂಗಿ ನಿಲ್ಲಿಸಿ, "ಯಾಕಪ್ಪ, ಮಾತಾಡಿಸ್ದೆ ಹೋಯ್ತಾ ಇದ್ದೀಯ?" ಎಂದು ಕೇಳಿದೆ.

"ನೀವೇ ಮಾತಾಡ್ಸೋದ ಬುಟ್ಬುಟ್ರಲ್ಲಣ್ಣ. ನಾನೇ ಏನೋ ತಪ್ಪು ಮಾಡಿರ್ಬೇಕು ಅಂದ್ಕಂಡೆ" ಎಂದನು.

ಅವನು ಯಾವ ತಪ್ಪನ್ನೂ ಮಾಡಿರಲಿಲ್ಲ. ದೀಪಾವಳಿಯಾದ ಮೇಲೆ ನನಗೆ ಆಂತರಿಕ ಪರೀಕ್ಷೆ ಬಂದಿತು, ಆಮೇಲೆ ಸೆಮಿಸ್ಟರ್ ಪರೀಕ್ಷೆ ಬಂದಿತು. ಅವನನ್ನು ನೋಡುವುದನ್ನು ಒಂದು ವಾರ ಬಿಟ್ಟೆ, ಎರಡು ವಾರ ಬಿಟ್ಟೆ, ಅನಂತರ ಮರೆತೇಬಿಟ್ಟೆ. ನಾನು ಮರೆತದ್ದನ್ನು ಅವನು ತನ್ನ ಕುಂದಿನ ಲೆಕ್ಕಕ್ಕೆ ಬರೆದುಕೊಂಡಿದ್ದನು. ಈ ಲೇಖನವನ್ನು ಬರೆಯಲು ಆ ಒಂದು ಮಾತೇ ಕಾರಣ. ಇದನ್ನು ಓದುವ ಅಧ್ಯಾಪಕರು ನನ್ನ ಉದ್ಧಟತನವನ್ನು ಕ್ಷಮಿಸಬೇಕು. ನಾನು ದೂರುತ್ತಿರುವುದು ಮೊದಲಿಗೆ ನನ್ನನ್ನೇ.

ಹಿರಿಯ ವಿದ್ಯಾರ್ಥಿಗಳು ಕಿರಿಯರಿಗೆ ಮೆಂಟರ್ ಆಗಬೇಕೆಂಬುದು ಯಾರೋ ಒಬ್ಬ ಉತ್ಸಾಹಿ ಅಧ್ಯಾಪಕರ ಕಲ್ಪನೆಯೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಹಾಗಲ್ಲ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2009ರಲ್ಲಿ ಹೊರಡಿಸಿದ ರ್ಯಾಗಿಂಗ್ ತಡೆಯ ನಿಯಮಗಳಲ್ಲಿ ಇದು ಸ್ಪಷ್ಟವಾಗಿ ಬರೆದಿದೆ. ಪ್ರತಿ ಶೈಕ್ಷಣಿಕ ವರ್ಷದ ಕೊನೆಯಲ್ಲಿ, ಮುಂದಿನ ವರ್ಷ ಬರಲಿರುವ ಹೊಸಬರಿಗಾಗಿ, ತಾವಾಗಿ ಮುಂದೆ ಬಂದ ವಿದ್ಯಾರ್ಥಿಗಳ ಒಂದು ಮೆಂಟರ್ ಘಟಕವನ್ನು ಕಾಲೇಜು ರಚಿಸಬೇಕು. ಆರು ಮಂದಿ ಹೊಸಬರಿಗೆ ಒಬ್ಬ ಮೆಂಟರ್ ಇರಬೇಕು. ಅಂತಹ ಆರು ಮಂದಿ ಮೆಂಟರುಗಳಿಗೆ ಮೇಲಿನ ತರಗತಿಯ ಒಬ್ಬ ಹಿರಿಯ ಮೆಂಟರ್ ಇರಬೇಕು. ಇದು ನಿಯಮದ ಸಾರ. ರ್ಯಾಗಿಂಗನ್ನು ತಡೆಯಲು ಹೊರಟವರು, ಹೆದರಿಸುವ ಹಿರಿಯನ ಸ್ಥಾನದಲ್ಲಿ ಕೈ ಹಿಡಿಯುವ ಹಿರಿಯನನ್ನು ಕೂರಿಸಿದರೆಂಬುದು ನನಗೆ ಬಹಳ ಹಿಡಿಸಿತು.

ಈ ನಿಯಮದಲ್ಲಿ ಎರಡು ಜಾಣತನಗಳಿವೆ. ಒಂದು, ಘಟಕವನ್ನು ಹಿಂದಿನ ವರ್ಷದ ಕೊನೆಯಲ್ಲೇ ಕಟ್ಟಬೇಕೆಂಬುದು. ಎರಡು, ಮೆಂಟರಿಗೂ ಒಬ್ಬ ಮೆಂಟರ್ ಬೇಕೆಂಬುದು. ನಾವು ಮಾಡುವಾಗ ಎರಡನ್ನೂ ಬಿಟ್ಟು, ಆರಕ್ಕೊಬ್ಬ ಎಂಬ ಲೆಕ್ಕವನ್ನು ಮಾತ್ರ ಹಿಡಿದುಕೊಂಡೆವು. ಹೊಸಬರು ಬಂದ ಮೇಲೆ ಅವಸರದಲ್ಲಿ ಹೆಸರು ಕೇಳಿದರು. ಕೈ ಎತ್ತಿದವರೆಲ್ಲ ಮೆಂಟರುಗಳಾದರು. ಹಾಜರಿ ಪುಸ್ತಕದ ಕ್ರಮದಲ್ಲಿ ಆರಾರು ಹೆಸರುಗಳನ್ನು ಕತ್ತರಿಸಿ ಕೊಟ್ಟರು. ಮೇಲೆ ನೋಡುವವರು ಯಾರೂ ಇರಲಿಲ್ಲ. ನನಗೆ ಬಂದ ಆರು ಮಂದಿಯಲ್ಲಿ ಇಬ್ಬರ ಮುಖವನ್ನು ನಾನು ಎರಡನೆಯ ಸಲ ನೋಡಲೇ ಇಲ್ಲ. ಕಾಗದದ ಮೇಲೆ ಎಲ್ಲವೂ ಸರಿಯಾಗಿಯೇ ಇತ್ತು. ನ್ಯಾಕ್ ಸಂಸ್ಥೆಯವರು ಕಾಲೇಜುಗಳಿಂದ ಮೆಂಟರ್ ಮತ್ತು ವಿದ್ಯಾರ್ಥಿಗಳ ಅನುಪಾತವನ್ನು ಕೇಳುವುದುಂಟು. ಅನುಪಾತವೆಂಬುದು ಭಾಗಾಕಾರದಿಂದ ಬರುವ ಅಂಕಿ, ಭೇಟಿಯಿಂದ ಬರುವುದಲ್ಲ.

ಹೆಚ್ಚು ಮಂದಿಗೆ ಸ್ವಲ್ಪವಾದರೂ ಉಪಕಾರವಾಗಲಿ, ಮೂರು ತಿಂಗಳು ನಡೆದರೂ ಅಷ್ಟು ಲಾಭವೇ ಅಲ್ಲವೆ, ಎಂದು ಕೇಳುವವರಿದ್ದಾರೆ. ನಾನೂ ಹಾಗೆಯೇ ತಿಳಿದಿದ್ದೆ. ಆದರೆ ಇದನ್ನು ಅಳೆದು ನೋಡಿದವರು ಬೇರೆ ಮಾತು ಹೇಳುತ್ತಾರೆ. ಅಮೆರಿಕಾದಲ್ಲಿ ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್ ಎಂಬ ಹಳೆಯ ಸಂಸ್ಥೆಯೊಂದಿದೆ. ಹೆಸರೇ ಹೇಳುವಂತೆ, ಬೆಳೆಯುವ ಮಕ್ಕಳಿಗೆ ದೊಡ್ಡವರೊಬ್ಬರನ್ನು ಅಣ್ಣನಾಗಿಯೋ ಅಕ್ಕನಾಗಿಯೋ ಜೊತೆಗೂಡಿಸುವುದು ಅದರ ಕೆಲಸ. ಆ ಸಂಸ್ಥೆಗೆ ಬಂದ 10ರಿಂದ 16 ವಯಸ್ಸಿನ 1,138 ಮಕ್ಕಳ ವಿಷಯವನ್ನು ಜೀನ್ ಗ್ರಾಸ್ಮನ್ ಮತ್ತು ಜೀನ್ ರೋಡ್ಸ್ ಎಂಬ ಇಬ್ಬರು ವಿದುಷಿಯರು ಪರಿಶೀಲಿಸಿ 2002ರಲ್ಲಿ ಪ್ರಕಟಿಸಿದರು. ಒಂದು ವರ್ಷವೋ ಅದಕ್ಕೂ ಹೆಚ್ಚೋ ಬಾಳಿದ ಜೊತೆಗಳಲ್ಲಿ ಮಕ್ಕಳಿಗೆ ಅತ್ಯಂತ ಹೆಚ್ಚು ಪ್ರಯೋಜನ ಕಂಡಿತು. ಅವಧಿ ಕಡಮೆಯಾದಂತೆ ಪ್ರಯೋಜನವೂ ಕಡಮೆ. ಮೂರು ತಿಂಗಳೊಳಗೆ ಮುರಿದ ಜೊತೆಗಳಲ್ಲಿ ಮಕ್ಕಳ ಆತ್ಮಗೌರವವೂ, ತಾನು ಓದಬಲ್ಲೆನೆಂಬ ಧೈರ್ಯವೂ ಮೊದಲಿಗಿಂತ ಕೆಳಕ್ಕೆ ಇಳಿದಿದ್ದುವು. ಅಂದರೆ ಮೆಂಟರೇ ಇಲ್ಲದೆ ಇದ್ದಿದ್ದರೆ ಆ ಮಗು ಮೇಲಾಗಿರುತ್ತಿತ್ತು.

ಅವು ಮಕ್ಕಳು, ನಮ್ಮವರು ಹದಿನೆಂಟು ದಾಟಿದವರು. ಅದು ಬೇರೆ ದೇಶ. ಇದನ್ನು ನಾನು ಒಪ್ಪುತ್ತೇನೆ. ಆದರೆ ಗೇಟಿನ ಬಳಿ ತಲೆ ತಗ್ಗಿಸಿ ಹೋದವನು ನಮ್ಮ ಜಿಲ್ಲೆಯವನೇ. ಆದುದರಿಂದ ನನ್ನ ಅಭಿಪ್ರಾಯ ಇಷ್ಟು: ವರ್ಷ ಪೂರ್ತಿ ನಡೆಸಲಾರದ ಜೊತೆಯನ್ನು ಕಟ್ಟಲೇಬಾರದು. ಎಷ್ಟನ್ನು ಕಾಯಬಲ್ಲೆವೋ ಅಷ್ಟನ್ನು ಮಾತ್ರ ಕಟ್ಟಬೇಕು.

ಎಷ್ಟನ್ನು ಕಾಯಬಲ್ಲೆವೆಂಬುದನ್ನು ಒಂದು ಲೆಕ್ಕದಿಂದ ನೋಡೋಣ. ಮೊದಲ ವರ್ಷಕ್ಕೆ 216 ಮಂದಿ ಸೇರಿದರೆಂದು ಇಟ್ಟುಕೊಳ್ಳಿ. ನಿಯಮದಂತೆ 36 ಮೆಂಟರುಗಳು, ಅವರ ಮೇಲೆ 6 ಹಿರಿಯ ಮೆಂಟರುಗಳು ಬೇಕು. ಆದರೆ ನಮ್ಮಂತಹ ಕಾಲೇಜಿನಲ್ಲಿ ಮಧ್ಯಾಹ್ನದ ಬಸ್ಸು ಹೊರಟಿತೆಂದರೆ ಕಾಲೇಜೇ ಖಾಲಿ. ಉಳಿದ ಹೊತ್ತಿನಲ್ಲಿ ಒಬ್ಬನು ಆರು ಮಂದಿಯನ್ನು ವಾರಕ್ಕೊಮ್ಮೆ ಕಾಣುವುದು ಆಗದ ಮಾತು, ಇಬ್ಬರನ್ನು ಕಾಣಬಹುದು. ಕೈ ಎತ್ತಿದವರಲ್ಲಿ ಸೋಸಿ 24 ಮಂದಿ ಗಟ್ಟಿಗರು ಸಿಕ್ಕರೆ, ತಲೆಗೆ ಇಬ್ಬರಂತೆ 48 ಹೊಸಬರಿಗೆ ಜೊತೆಯಾಯಿತು. ಆರಕ್ಕೊಬ್ಬರಂತೆ 4 ಹಿರಿಯ ಮೆಂಟರುಗಳು. ಅವರೆಲ್ಲರ ಮೇಲೆ ಒಬ್ಬ ಅಧ್ಯಾಪಕರು. ಉಳಿದ 168 ಮಂದಿಯ ಗತಿಯೇನೆಂದು ಕೇಳಬಹುದು. ಅವರಿಗೆ ಅಧ್ಯಾಪಕರ ತಂಡಗಳು ಇದ್ದೇ ಇವೆ. ಅದೇ 2009ರ ನಿಯಮಗಳು ಹೊಸಬರನ್ನು ಸಣ್ಣ ಗುಂಪುಗಳಾಗಿ ಮಾಡಿ ಒಬ್ಬೊಬ್ಬ ಅಧ್ಯಾಪಕರಿಗೆ ವಹಿಸಬೇಕೆಂದೂ ಹೇಳುತ್ತವೆ. ಜೊತೆ ಬೇಕೆಂದು ತಾವಾಗಿ ಕೇಳಿದವರಿಗೂ, ಅಧ್ಯಾಪಕರು ಇವನಿಗೆ ಬೇಕು ಎಂದು ಕಂಡುಕೊಂಡವರಿಗೂ ಮೊದಲ ಪ್ರಾಶಸ್ತ್ಯ ಕೊಟ್ಟರೆ, ಬೇಡದವನಿಗೆ ಬಲವಂತದ ಅಣ್ಣನಾಗುವ ಪೇಚೂ ತಪ್ಪುತ್ತದೆ.

ಗಟ್ಟಿಗರು ಯಾರೆಂಬ ವಿಷಯದಲ್ಲಿ ನನ್ನದು ಕೊಂಚ ವಿಚಿತ್ರವಾದ ಮತ. ಪ್ರತಿಯೊಂದು ಸಮಾರಂಭದಲ್ಲೂ ಮುಂದೆ ನಿಲ್ಲುವವನು ಬೇಡ. ಅವನು ಎನ್.ಎಸ್.ಎಸ್. ಶಿಬಿರದಲ್ಲೂ ಇರುತ್ತಾನೆ, ನಾಟಕದಲ್ಲೂ ಇರುತ್ತಾನೆ, ಕಬಡ್ಡಿಯಲ್ಲೂ ಇರುತ್ತಾನೆ. ಅಕ್ಟೋಬರಿನ ಹೊತ್ತಿಗೆ ಕಿರಿಯನಿಗೆ ಸಿಗುವುದಿಲ್ಲ. ಅಂತಿಮ ವರ್ಷದವರು ಮೆಂಟರುಗಳಾಗುವುದಕ್ಕಿಂತ ಹಿರಿಯ ಮೆಂಟರುಗಳಾಗುವುದು ಮೇಲು. ಅವರ ಮನಸ್ಸು ಆಗಲೇ ಬಿ.ಎಡ್. ಎಂದೋ, ಸ್ಪರ್ಧಾತ್ಮಕ ಪರೀಕ್ಷೆಯೆಂದೋ ಹೊರಗೆ ಹೊರಟಿರುತ್ತದೆ. ಅತ್ಯಂತ ಹೆಚ್ಚು ಅಂಕದವನೇ ಆಗಬೇಕೆಂಬುದೂ ತಪ್ಪು. ಕನ್ನಡ ಮಾಧ್ಯಮದಿಂದ ಬಂದು ಇಂಗ್ಲಿಷಿನಲ್ಲಿ ಒಮ್ಮೆ ಫೇಲಾಗಿ, ಮುಂದಿನ ಸಲ ಕಟ್ಟಿ ಪಾಸಾದವನಿಗೆ, ಎಲ್ಲಿ ಕಾಲು ಜಾರುತ್ತದೆಂಬುದು ರ್ಯಾಂಕಿನವನಿಗಿಂತ ಚೆನ್ನಾಗಿ ಗೊತ್ತು. ಅವನ ಮುಂದೆ ಕಿರಿಯನಿಗೆ ನಾಚಿಕೆಯೂ ಕಡಮೆ.

ಇನ್ನು ಜೊತೆಗೂಡಿಸುವ ವಿಷಯ. ನಾವು ಸಾಮಾನ್ಯವಾಗಿ ಐಚ್ಛಿಕ ವಿಷಯವನ್ನು ನೋಡಿ ಜೊತೆ ಮಾಡುತ್ತೇವೆ: ಇತಿಹಾಸದವನಿಗೆ ಇತಿಹಾಸದವನು, ಅರ್ಥಶಾಸ್ತ್ರದವಳಿಗೆ ಅರ್ಥಶಾಸ್ತ್ರದವಳು. ನೋಡುವುದಕ್ಕೆ ಇದು ಸರಿಯಾಗಿದೆ. ಇದರಿಂದ ಏನಾಗುತ್ತದೆಂಬುದಕ್ಕೆ ನನಗೆ ಗೊತ್ತಿರುವ ಒಂದು ಪ್ರಸಂಗವನ್ನು ಹೇಳುತ್ತೇನೆ. ಮದ್ದೂರಿನ ಕಡೆಯ ಹಳ್ಳಿಯೊಂದರಿಂದ ಬರುತ್ತಿದ್ದ ಮೊದಲ ವರ್ಷದ ಹುಡುಗಿಯೊಬ್ಬಳಿಗೆ, ಅವಳ ವಿಷಯದಲ್ಲೇ ಮೊದಲಿಗಳಾಗಿದ್ದ ಹಿರಿಯಳೊಬ್ಬಳನ್ನು ಮೆಂಟರಾಗಿ ಕೊಟ್ಟರು. ಹಿರಿಯಳು ಬರುತ್ತಿದ್ದುದು ಮೈಸೂರಿನ ಕಡೆಯಿಂದ, ರೈಲಿನಲ್ಲಿ. ರೈಲು ಇಳಿದು ಕಾಲೇಜಿಗೆ ಬರುವ ಹೊತ್ತಿಗೆ ಮೊದಲ ಪಾಠ ಶುರು. ಕಿರಿಯಳು ಕೊನೆಯ ಪಾಠ ಮುಗಿಯುತ್ತಲೇ ಬಸ್ ನಿಲ್ದಾಣಕ್ಕೆ ಓಡಬೇಕು. ಆ ಬಸ್ಸು ತಪ್ಪಿದರೆ ಊರಿಗೆ ಹೋಗುವ ಮುಂದಿನ ಬಸ್ಸು ಸಂಜೆಗೆ, ಮನೆಯಲ್ಲಿ ನೂರು ಪ್ರಶ್ನೆ. ಇಬ್ಬರೂ ಒಳ್ಳೆಯವರು, ಇಬ್ಬರಿಗೂ ಮನಸ್ಸಿತ್ತು; ಆದರೆ ದಿನದಲ್ಲಿ ಇಬ್ಬರಿಗೂ ಒಟ್ಟಿಗೆ ಬಿಡುವಾಗಿರುವ ಹತ್ತು ನಿಮಿಷವೂ ಇರಲಿಲ್ಲ. ಆರು ವಾರದಲ್ಲಿ ಎರಡು ಸಲ ಭೇಟಿಯಾದರಂತೆ, ಅದೂ ಮೆಟ್ಟಲಿನ ಮೇಲೆ.

ಆಮೇಲೆ ಅಧ್ಯಾಪಕಿಯೊಬ್ಬರು ಇದನ್ನು ಗಮನಿಸಿ ಜೊತೆಯನ್ನು ಬದಲಾಯಿಸಿದರು. ಈ ಸಲ ಕೊಟ್ಟದ್ದು ಬಿ.ಕಾಂ. ಓದುವ ಹುಡುಗಿಯನ್ನು! ವಿಷಯಕ್ಕೂ ವಿಷಯಕ್ಕೂ ಸಂಬಂಧವಿಲ್ಲ. ಆದರೆ ಇಬ್ಬರದೂ ಒಂದೇ ಬಸ್ಸು. ಹೋಗುವಾಗ ಅರ್ಧ ಗಂಟೆಗೂ ಮಿಕ್ಕಿ, ಬರುವಾಗ ಅಷ್ಟೇ ಹೊತ್ತು; ಯಾರೂ ಸಮಯ ನಿಗದಿ ಮಾಡಬೇಕಾಗಿಲ್ಲ, ಕೊಠಡಿ ಹುಡುಕಬೇಕಾಗಿಲ್ಲ. ವಿದ್ಯಾರ್ಥಿವೇತನದ ಅರ್ಜಿಯ ಗೋಜಲನ್ನು ಅವರು ಬಿಡಿಸಿದ್ದು ಬಸ್ಸಿನ ಸೀಟಿನಲ್ಲಿಯೇ. ಪಾಠದ ಸಂದೇಹ ಬಂದಾಗ ಬಿ.ಕಾಂ. ಅಕ್ಕ ತನಗೆ ತಿಳಿಯದೆಂದು ಹೇಳಿ, ತಿಳಿದವರ ಬಳಿಗೆ ಕರೆದುಕೊಂಡು ಹೋಗುತ್ತಿದ್ದಳು. ಅಷ್ಟೇ ಸಾಕಾಗಿತ್ತು.

ಇದರಿಂದ ನಾನು ಕಲಿತದ್ದು, ಜೊತೆಗೂಡಿಸುವಾಗ ಮೊದಲು ನೋಡಬೇಕಾದ್ದು ಹೊತ್ತು, ಆಮೇಲೆ ತೊಂದರೆ, ಕೊನೆಗೆ ವಿಷಯ ಎಂಬುದು. ಇದನ್ನು ಮಾಡಲು ದೊಡ್ಡ ಸಲಕರಣೆ ಬೇಕಿಲ್ಲ. ಹೊಸಬರಿಗೂ ಮೆಂಟರುಗಳಿಗೂ ಒಂದೊಂದು ಚೀಟಿ ಕೊಟ್ಟು ನಾಲ್ಕು ಸಂಗತಿ ಬರೆಯಿಸಬೇಕು. ಯಾವ ದಾರಿಯಿಂದ, ಎಷ್ಟು ಗಂಟೆಯ ಬಸ್ಸಿನಲ್ಲಿ ಅಥವಾ ರೈಲಿನಲ್ಲಿ ಬಂದು, ಎಷ್ಟು ಗಂಟೆಗೆ ಹೋಗುತ್ತೀರಿ? ವಾರದಲ್ಲಿ ಯಾವ ಪಿರಿಯಡ್ಡು ಬಿಡುವು? ಹೊಸಬನಾದರೆ ಯಾವುದು ಕಷ್ಟವಾಗುತ್ತಿದೆ, ಮೆಂಟರಾದರೆ ಯಾವ ಕಷ್ಟವನ್ನು ದಾಟಿ ಬಂದಿರಿ? ಯಾರ ಜೊತೆ ಬೇಡ? ಈ ನಾಲ್ಕನೆಯದನ್ನು ಅಧ್ಯಾಪಕರೊಬ್ಬರೇ ಓದಿ ಹರಿದುಹಾಕಬೇಕು. ಅನಂತರ ಒಂದು ಉದ್ದನೆಯ ಮೇಜಿನ ಮೇಲೆ ಚೀಟಿಗಳನ್ನು ದಾರಿಯ ಪ್ರಕಾರ ಹರಡುವುದು: ಮದ್ದೂರಿನ ಕಡೆಯದೊಂದು ಸಾಲು, ಮಳವಳ್ಳಿಯದೊಂದು, ಪಾಂಡವಪುರ-ಶ್ರೀರಂಗಪಟ್ಟಣದ್ದೊಂದು, ನಾಗಮಂಗಲದ್ದೊಂದು, ಹಾಸ್ಟೆಲಿನದೊಂದು, ನನ್ನಂತೆ ಗುತ್ತಲಿನಿಂದಲೋ ಊರೊಳಗಿನಿಂದಲೋ ನಡೆದು ಬರುವವರದೊಂದು. ಪ್ರತಿ ಸಾಲಿನೊಳಗೆ ಗಂಟೆಗೆ ಗಂಟೆ ಹೊಂದಿಸಿ, ಅದರೊಳಗೆ ಕಷ್ಟಕ್ಕೆ ಕಷ್ಟ ಹೊಂದಿಸಿದರೆ ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸ. ನನ್ನನ್ನು ಮಳವಳ್ಳಿಯ ಹುಡುಗನಿಗೆ ಕಟ್ಟಿದ್ದು ಈ ಮೇಜಿನ ಮುಂದೆ ಒಂದು ಕ್ಷಣವೂ ನಿಲ್ಲುತ್ತಿರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಬಸ್ಸು ಒಂದೇ ಇರಲಿ, ಊರು ಮಾತ್ರ ಒಂದೇ ಬೇಡ. ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲು ಜಾತಿ, ಆದಾಯದ ಪ್ರಮಾಣಪತ್ರಗಳು ಬೇಕು; ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ ಬೇಕು. ಇದರಲ್ಲಿ ಸಹಾಯ ಕೇಳುವವನು ಮನೆಯ ಸ್ಥಿತಿಯನ್ನು ಬಿಚ್ಚಿಡಲೇಬೇಕಾಗುತ್ತದೆ. ಪಕ್ಕದ ಬೀದಿಯವನ ಮುಂದೆ ಯಾರು ಬಿಚ್ಚಿಡುತ್ತಾರೆ? ಇವತ್ತು ಹೇಳಿದ್ದು ನಾಳೆ ಅರಳಿಕಟ್ಟೆಗೆ ಬಂದಿರುತ್ತದೆ. ಒಂದೇ ಊರಿನಲ್ಲಿ ಹಳೆಯ ಜಗಳಗಳೂ, ಮೇಲು-ಕೀಳಿನ ನೆನಪುಗಳೂ ಇರುತ್ತವೆ. ಅವು ಕಾಲೇಜಿನ ಗೇಟಿನ ಹೊರಗೆ ನಿಂತುಕೊಳ್ಳುವುದಿಲ್ಲ. ಹುಡುಗಿಯರಿಗೆ ಹುಡುಗಿಯರನ್ನೇ ಕೊಡುವುದು ಕ್ಷೇಮ. ದಿಲ್ಲಿ ಸರ್ಕಾರವು 2021ರ ಅಕ್ಟೋಬರಿನಲ್ಲಿ 'ದೇಶ್ ಕೆ ಮೆಂಟರ್' ಎಂಬ ಹೆಸರಿನಲ್ಲಿ ಶಾಲಾಮಕ್ಕಳನ್ನೂ ಅಪರಿಚಿತರಾದ ದೊಡ್ಡವರನ್ನೂ ಫೋನಿನ ಮೂಲಕ ಜೊತೆಗೂಡಿಸಲು ಹೊರಟಿತು. ಕೆಲವೇ ತಿಂಗಳಲ್ಲಿ ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗವು ಮಕ್ಕಳ ಸುರಕ್ಷತೆಯ ಪ್ರಶ್ನೆ ಎತ್ತಿ, ಅದನ್ನು ನಿಲ್ಲಿಸಿರೆಂದು ಕೇಳಿತು. ನಾವು ಅಷ್ಟು ದೂರ ಹೋಗಬೇಕಾಗಿಲ್ಲ. ಕಾಲೇಜಿನಲ್ಲೋ ಬಸ್ಸಿನಲ್ಲೋ ನಾಲ್ಕು ಜನರ ಕಣ್ಣೆದುರಿಗೆ ಭೇಟಿ, ರಾತ್ರಿ ಫೋನಿಲ್ಲ, ಸಾಲ ಕೊಡುವುದು ಪಡೆಯುವುದು ಇಲ್ಲ: ಈ ಮೂರನ್ನು ಮೊದಲ ದಿನವೇ ಇಬ್ಬರೆದುರಿಗೂ ಹೇಳಿದರೆ ಸಾಕು. ಎರಡು ವಾರವಾದ ಮೇಲೆ ಇಬ್ಬರಲ್ಲಿ ಯಾರು ಬೇಕಾದರೂ, ಕಾರಣ ಹೇಳದೆ, ಬೇರೆ ಜೊತೆ ಕೇಳುವ ಅವಕಾಶವೂ ಇರಬೇಕು. ಅದಕ್ಕಾಗಿ ಇಬ್ಬರು ಮೂವರು ಮೆಂಟರುಗಳನ್ನು ಯಾರಿಗೂ ಕೊಡದೆ ಕಾದಿರಿಸಬೇಕು. ಬೇಗ ಬದಲಾಯಿಸಿದ ಜೊತೆಯಿಂದ ಯಾರಿಗೂ ನೋವಾಗದು. ಕಾರಣವಿಲ್ಲದೆ ಮೌನವಾದ ಜೊತೆಯಿಂದ ಆಗುತ್ತದೆ.

ಈಗ ಕಠಿನವಾದ ಭಾಗ. ಮೊದಲ ಆರು ವಾರ ಯಾವ ಮೆಂಟರಿಗೂ ಕಷ್ಟವಿಲ್ಲ. ಆಗ ಕೆಲಸವೇ ಜೊತೆಯನ್ನು ಎಳೆದುಕೊಂಡು ಹೋಗುತ್ತದೆ. ಯು.ಯು.ಸಿ.ಎಂ.ಎಸ್.ನಲ್ಲಿ ಹೆಸರು ತಪ್ಪಾಗಿದೆ, ಎಸ್.ಎಸ್.ಪಿ.ಯಲ್ಲಿ ಅರ್ಜಿ ಮುಂದಕ್ಕೆ ಹೋಗುತ್ತಿಲ್ಲ, ಬಸ್ ಪಾಸಿಗೆ ಸಹಿ ಬೇಕು, ಗ್ರಂಥಾಲಯದ ಕಾರ್ಡು ಸಿಕ್ಕಿಲ್ಲ. ಹೊಸಬನು ದಿನವೂ ಹುಡುಕಿಕೊಂಡು ಬರುತ್ತಾನೆ. ಹಿರಿಯನಿಗೂ ತಾನೊಬ್ಬ ದೊಡ್ಡ ಮನುಷ್ಯನೆಂಬ ಸಂತೋಷ. ಏಳನೆಯ ವಾರಕ್ಕೆ ಈ ಕೆಲಸಗಳು ಮುಗಿಯುತ್ತವೆ. ಆಗ ಭೇಟಿಯಾದರೆ ನಡೆಯುವ ಸಂಭಾಷಣೆ ಇಷ್ಟೇ:

"ಏನಪ್ಪಾ ಸಮಾಚಾರ?"

"ಏನಿಲ್ಲಣ್ಣ."

ಈ 'ಏನಿಲ್ಲಣ್ಣ' ಮೂರು ಸಲ ಕೇಳಿಬಂದರೆ ಆ ಜೊತೆಗೆ ಆಯುಸ್ಸು ಮುಗಿಯಿತೆಂದೇ ತಿಳಿಯಬೇಕು. ಮಾತಿಗೆ ಮಾತು ಸಾಲದು. ಕೈಗೆ ಕೆಲಸ ಬೇಕು. ಅದೇನೂ ಘನವಾದುದಾಗಬೇಕಿಲ್ಲ. ಇಂಗ್ಲಿಷ್ ಪಠ್ಯದ ಒಂದು ಪುಟವನ್ನು ವಾರಕ್ಕೊಮ್ಮೆ ಇಪ್ಪತ್ತು ನಿಮಿಷ ಇಬ್ಬರೂ ಕೂಡಿ ಓದುವುದು. ಆಂತರಿಕ ಪರೀಕ್ಷೆಯ ಉತ್ತರ ಪತ್ರಿಕೆ ಕೈಗೆ ಬಂದ ದಿನ ಅದನ್ನು ಎದುರಿಗಿಟ್ಟುಕೊಂಡು, ಎಂಟು ಅಂಕದ ಪ್ರಶ್ನೆಗೆ ಮೂರೇ ಏಕೆ ಬಂದಿತೆಂದು ನೋಡುವುದು. ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಗಡಿಯಾರವಿಟ್ಟು ಬರೆಯುವುದು. ಮೊದಲ ಸೆಮಿಸ್ಟರಿನ ಫಲಿತಾಂಶ ಬಂದ ದಿನವಂತೂ ಮೆಂಟರ್ ಎಲ್ಲಿದ್ದರೂ ಕಿರಿಯನನ್ನು ಕಾಣಲೇಬೇಕು. ಒಂದು ವಿಷಯದಲ್ಲಿ ಫೇಲಾದವನಿಗೆ, ಮುಂದಿನ ಸಲ ಕಟ್ಟಬಹುದು, ಓದು ನಿಲ್ಲುವುದಿಲ್ಲ ಎಂಬ ಸರಳ ಸಂಗತಿಯೇ ತಿಳಿದಿರುವುದಿಲ್ಲ; ಅವತ್ತು ಸಂಜೆ ಅವನು ಮನೆಯಲ್ಲಿ ಏನು ಹೇಳುತ್ತಾನೋ ಅದರ ಮೇಲೆ ಅವನ ಮುಂದಿನ ಮೂರು ವರ್ಷ ನಿಂತಿರುತ್ತದೆ.

ಇಷ್ಟಾದರೂ ಮೆಂಟರ್ ಮರೆಯುತ್ತಾನೆ. ನಾನು ಮರೆತೆ. ಹಾಗೆ ಮರೆತವನನ್ನು ಹಿಡಿಯುವುದಕ್ಕೇ ಹಿರಿಯ ಮೆಂಟರ್ ಬೇಕಾಗಿರುವುದು. ಅವನ ಕೆಲಸ ಉಪದೇಶವಲ್ಲ. ಹದಿನೈದು ದಿನಕ್ಕೊಮ್ಮೆ, ಸೋಮವಾರವೆಂದರೆ ಸೋಮವಾರವೇ, ತನ್ನ ಆರು ಮಂದಿಯನ್ನು ನಿಲ್ಲಿಸಿ ಎರಡು ಪ್ರಶ್ನೆ ಕೇಳುವುದು: ಹಿಂದಿನ ಭೇಟಿ ಯಾವತ್ತು? ಮುಂದಿನದು ಯಾವತ್ತು? ಉತ್ತರವನ್ನು ಒಂದು ನೋಟುಪುಸ್ತಕದಲ್ಲಿ ಅವನೇ ಬರೆದುಕೊಳ್ಳಬೇಕು. ಮೆಂಟರುಗಳ ಕೈಗೆ ಪುಸ್ತಕ ಕೊಟ್ಟು ಸಹಿ ಹಾಕಿಸುವ ಪದ್ಧತಿಯಲ್ಲಿ ನನಗೆ ನಂಬಿಕೆಯಿಲ್ಲ. ತಪಾಸಣೆಗೆ ಬರುತ್ತಾರೆಂಬ ಹಿಂದಿನ ದಿನ ಇಡೀ ವರ್ಷದ ಭೇಟಿಗಳು ಒಂದೇ ಪೆನ್ನಿನ ಒಂದೇ ಬಣ್ಣದಲ್ಲಿ ನಡೆದುಹೋಗುತ್ತವೆ. ಎರಡನೆಯ ಪ್ರಶ್ನೆ ಮೊದಲನೆಯದಕ್ಕಿಂತ ಮುಖ್ಯ. 'ನೋಡ್ತೀನಿ', 'ಈ ವಾರ ಸಿಕ್ತಾನೆ' ಎಂದು ಉತ್ತರ ಬಂದರೆ ಜೊತೆ ಸಡಿಲವಾಗುತ್ತಿದೆ ಎಂದರ್ಥ. 'ಗುರುವಾರ ಮೂರನೆಯ ಪಿರಿಯಡ್ಡು' ಎಂದರೆ ಗಟ್ಟಿಯಾಗಿದೆ. ಒಂದು ಕಂತಿನಲ್ಲಿ ಖಾಲಿ ಬಂದರೆ ಮೆಂಟರಿಗೆ ನೆನಪು ಮಾಡಬೇಕು. ಎರಡನೆಯ ಕಂತಿನಲ್ಲೂ ಖಾಲಿಯಾದರೆ ಮೆಂಟರನ್ನು ಬಿಟ್ಟು ನೇರವಾಗಿ ಕಿರಿಯನನ್ನೇ ಹೋಗಿ ಕಾಣಬೇಕು. ತಪ್ಪು ಅವನದಲ್ಲವೆಂದು ಹೇಳಬೇಕು. ಬೇಕಾದರೆ ಕಾದಿರಿಸಿದವರಲ್ಲಿ ಒಬ್ಬರನ್ನು ಕೊಡಬೇಕು. ನನ್ನ ವಿಷಯದಲ್ಲಿ ಹೀಗೆ ನಡೆದಿದ್ದರೆ, ನವೆಂಬರಿನ ಕೊನೆಯೊಳಗೆ ಯಾರಾದರೊಬ್ಬರು ಆ ಹುಡುಗನ ಹತ್ತಿರ ನಿಂತು ಮಾತಾಡುತ್ತಿದ್ದರು. ಅವನು ಜನವರಿಯವರೆಗೆ ಕಾಯಬೇಕಾಗಿರಲಿಲ್ಲ.

ಪರೀಕ್ಷೆಯ ತಿಂಗಳ ವಿಷಯವಾಗಿ ಒಂದು ಮಾತು. ಆಗ ಭೇಟಿ ಕಡಮೆಯಾಗುವುದು ಸಹಜ, ಕಡಮೆಯಾಗಲಿ. ಆದರೆ ಅದನ್ನು ಬಾಯಿಬಿಟ್ಟು ಹೇಳಬೇಕು: "ಇನ್ನು ಮೂರು ವಾರ ನನಗೆ ಪರೀಕ್ಷೆ, ಶನಿವಾರ ಹತ್ತು ನಿಮಿಷ ಸಿಕ್ತೀನಿ, ಮುಗಿದ ಮೇಲೆ ಮೊದಲಿನಂಗೆ." ಈ ಒಂದು ವಾಕ್ಯ ಹೇಳಲು ನನಗೆ ಅರ್ಧ ನಿಮಿಷ ಸಾಕಿತ್ತು.

ಕಿರಿಯನು ಮಾಯವಾಗುವ ಕಾಲವೂ ಒಂದಿದೆ. ನಮ್ಮದು ನಾಲೆಯ ನೀರಿನ ಸೀಮೆ. ಡಿಸೆಂಬರ್ ಜನವರಿಯಲ್ಲಿ ಭತ್ತದ ಕುಯ್ಲು, ಕಬ್ಬು ಕಡಿಯುವ ಸರದಿ ಬಂದಾಗ ಗದ್ದೆಯಲ್ಲಿ ಕೆಲಸ. ನಾಲ್ಕು ದಿನ ಬರದವನೆಲ್ಲ ಓದು ಬಿಟ್ಟವನಲ್ಲ. ಕಬ್ಬು ಲೋಡಾದ ಮೇಲೆ ಬರುತ್ತಾನೆ. ಹಾಗಾದರೆ ಬಿಡಲು ಹೊರಟವನನ್ನು ಗುರುತಿಸುವುದು ಹೇಗೆ? ಹಾಜರಿಗಿಂತ ಒಳ್ಳೆಯ ಗುರುತು ಪರೀಕ್ಷೆಯ ಅರ್ಜಿ. ಕೊನೆಯ ದಿನಾಂಕ ಹತ್ತಿರವಾದರೂ ಶುಲ್ಕ ಕಟ್ಟಿಲ್ಲ, ಕೇಳಿದರೆ ಮಾತು ತೇಲಿಸುತ್ತಾನೆ ಎಂದರೆ ಮನೆಯಲ್ಲಿ ಏನೋ ತೀರ್ಮಾನವಾಗಿದೆ. ಬೆಂಗಳೂರಿನಲ್ಲಿ ಕೆಲಸ ಸಿಕ್ಕಿರಬಹುದು, ಹುಡುಗಿಯಾದರೆ ಮದುವೆಯ ಮಾತು ನಡೆದಿರಬಹುದು. ಆ ವಾರ ಮೆಂಟರಿಗೆ ತಿಳಿಯಬೇಕು, ಅದೇ ದಿನ ಅಧ್ಯಾಪಕರಿಗೂ ತಿಳಿಯಬೇಕು. ಶುಲ್ಕದ ದಿನಾಂಕ ದಾಟಿದ ಮೇಲೆ ತಿಳಿದು ಪ್ರಯೋಜನವಿಲ್ಲ.

ಮೆಂಟರಿನ ಕೈಗೆ ಮೀರಿದ್ದೂ ಇರುತ್ತದೆ. ಇಪ್ಪತ್ತು ವರ್ಷದ ಹುಡುಗನು ಹತ್ತೊಂಬತ್ತರವನಿಗೆ ವೈದ್ಯನಾಗಲಾರ, ವಕೀಲನಾಗಲಾರ. ಕಿರಿಯನು "ಯಾರ್ಗೂ ಹೇಳ್ಬೇಡಿ ಅಣ್ಣ" ಎಂದು ಆಣೆ ಹಾಕಿಸಿಕೊಂಡು, ಬದುಕೇ ಬೇಡವೆನ್ನಿಸುತ್ತಿದೆ ಎಂದರೆ, ಆ ಆಣೆಯನ್ನು ಮುರಿಯಲೇಬೇಕು. ಎಲ್ಲ ಗುಟ್ಟನ್ನೂ ಕಾಯುತ್ತೇನೆ, ಪ್ರಾಣದ ವಿಷಯ ಒಂದನ್ನು ಬಿಟ್ಟು, ಎಂದು ಮೊದಲ ಭೇಟಿಯಲ್ಲೇ ಹೇಳಿಬಿಟ್ಟಿದ್ದರೆ ಆಮೇಲೆ ದ್ರೋಹವೆನಿಸುವುದಿಲ್ಲ. ಅಧ್ಯಾಪಕರು ಕೈಗೆ ಸಿಗದ ಹೊತ್ತಿನಲ್ಲಿ 14416 ಎಂಬ ಟೆಲಿ ಮಾನಸ್ ಸಹಾಯವಾಣಿಗೆ ಪಕ್ಕದಲ್ಲೇ ಕೂತು ಫೋನು ಮಾಡಿಸಬಹುದು. 2022ರಲ್ಲಿ ಶುರುವಾದ ಇದರಲ್ಲಿ ಕನ್ನಡದಲ್ಲೇ ಮಾತಾಡಬಹುದು, ಹಣವಿಲ್ಲ. ಈ ಸಂಖ್ಯೆ ಪ್ರತಿಯೊಬ್ಬ ಮೆಂಟರಿನ ಪುಸ್ತಕದ ಮೊದಲ ಪುಟದಲ್ಲಿ ಇರಲಿ.

ಆ ದಿನ ಗೇಟಿನ ಬಳಿ ನಾನು ಆ ಹುಡುಗನ ಕ್ಷಮೆ ಕೇಳಿದೆ. ಅವನಿಗೆ ಅದು ಮುಜುಗರವಾಯಿತು; "ಬುಡೀಣ್ಣ, ಅದ್ಯಾಕೆ" ಎಂದು ಬಸ್ಸಿಗೆ ಓಡಿದನು. ಅವನಿಗೆ ಮಳವಳ್ಳಿಯ ದಾರಿಯವರೇ ಆದ ಇನ್ನೊಬ್ಬರನ್ನು ಗೊತ್ತುಮಾಡಿದೆವು. ನಾನು ಅವನನ್ನು ಪೂರ್ತಿ ಬಿಡಲಿಲ್ಲ. ಬುಧವಾರ ಎರಡನೆಯ ಪಿರಿಯಡ್ಡು ಇಬ್ಬರಿಗೂ ಬಿಡುವಾಗಿತ್ತು, ಗ್ರಂಥಾಲಯದ ಹೊರಗಿನ ಕಲ್ಲುಬೆಂಚಿನ ಮೇಲೆ ಇಂಗ್ಲಿಷ್ ಓದಿದೆವು. ಮೊದಲ ಸೆಮಿಸ್ಟರಿನಲ್ಲಿ ಅದೊಂದು ಉಳಿದಿತ್ತು. ಈ ವರ್ಷ ಕಟ್ಟಿ ಪಾಸು ಮಾಡಿದ್ದಾನೆ.

ಮುಂದಿನ ವರ್ಷದ ಮೆಂಟರ್ ಘಟಕಕ್ಕೆ ಹೆಸರು ಕೊಡುವ ಚೀಟಿಗಳನ್ನು ಈ ಸಲ ಪರೀಕ್ಷೆಗೆ ಮೊದಲೇ ಹಂಚಬೇಕೆಂದು ನಾವು ಕೆಲವರು ಅಧ್ಯಾಪಕರನ್ನು ಕೇಳಿಕೊಂಡಿದ್ದೇವೆ, ಅವರೂ ಒಪ್ಪಿದ್ದಾರೆ. ಈ ಸಂಚಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ಚೀಟಿಗಳು ಗ್ರಂಥಾಲಯದ ಮೇಜಿನ ಮೇಲೆ ಇರುತ್ತವೆ. ಎರಡನೆಯ ವರ್ಷಕ್ಕೆ ಹೋಗಲಿರುವವರೂ ಮೂರನೆಯ ವರ್ಷಕ್ಕೆ ಹೋಗಲಿರುವವರೂ ತೆಗೆದುಕೊಳ್ಳಬಹುದು. ಬಸ್ಸಿನ ಗಂಟೆಯನ್ನು ಬರೆಯುವಾಗ ನೀವು ಹತ್ತಬೇಕೆಂದಿರುವ ಬಸ್ಸನ್ನಲ್ಲ, ದಿನವೂ ನಿಜವಾಗಿ ಹತ್ತುವ ಬಸ್ಸನ್ನು ಬರೆಯಿರಿ.